ಹತ್ತು ಕಾಳಿನಲ್ಲಿ ಎಂಟು ಮೊಳೆತರೆ ಸಾಕೆ?

ಪ್ರಮಾಣಿತ ಬಿತ್ತನೆ ಭತ್ತಕ್ಕೆ ನಮ್ಮ ದೇಶದಲ್ಲಿ ನಿಗದಿಯಾಗಿರುವ ಕನಿಷ್ಠ ಮೊಳಕೆ ಪ್ರಮಾಣ ಶೇ. 80. ರಾಗಿಗೆ ಅದು 75, ಶೇಂಗಾಕ್ಕೆ 70. ಚೀಲ ಮನೆಗೆ ಬಂದ ಮೇಲೆ ಅನೇಕ ರೈತರು ತಾವೇ ಒಮ್ಮೆ ನೋಡಿಕೊಳ್ಳುತ್ತಾರೆ. ಹತ್ತು ಕಾಳು ಎಣಿಸಿ ಒದ್ದೆ ಬಟ್ಟೆಯಲ್ಲಿ ಕಟ್ಟಿಟ್ಟು, ಕೆಲವು ದಿನ ಬಿಟ್ಟು ಬಿಚ್ಚಿ ನೋಡುತ್ತಾರೆ. ಎಂಟು ಮೊಳೆತಿದ್ದರೆ ಬೀಜ ಒಳ್ಳೆಯದು, ಆರೇ ಮೊಳೆತಿದ್ದರೆ ಮೋಸ ಎಂದು ತೀರ್ಮಾನಿಸುತ್ತಾರೆ. ಪರೀಕ್ಷೆ ಮಾಡಿ ನೋಡುವುದು ಒಳ್ಳೆಯ ಅಭ್ಯಾಸವೇ. ಆದರೆ ಹತ್ತು ಕಾಳು ಕೊಡುವ ತೀರ್ಪನ್ನು ಎಷ್ಟರ ಮಟ್ಟಿಗೆ ನಂಬಬಹುದು? ಇದಕ್ಕೆ ಉತ್ತರ ಕೊಡುವುದು ಗಣಿತದಲ್ಲಿ ದ್ವಿಪದ ವಿತರಣೆ ಎಂದು ಕರೆಯುವ ಲೆಕ್ಕ.

ಚೀಲದ ಬೀಜ ನಿಜವಾಗಿಯೂ ಶೇ. 80ರ ಗುಣದ್ದೇ ಎಂದು ಇಟ್ಟುಕೊಳ್ಳೋಣ. ಅಂದರೆ ಕಣ್ಣು ಮುಚ್ಚಿ ಒಂದು ಕಾಳು ತೆಗೆದರೆ ಅದು ಮೊಳೆಯುವ ಸಂಭವನೀಯತೆ 0.8, ಮೊಳೆಯದಿರುವ ಸಂಭವನೀಯತೆ 0.2. ಹೀಗೆ ತೆಗೆದ ಹತ್ತು ಕಾಳಿನಲ್ಲಿ ಸರಿಯಾಗಿ ಎಂಟೇ ಮೊಳೆಯುವ ಸಂಭವನೀಯತೆ ಎಷ್ಟು?

ಮೊದಲು ಒಂದೇ ಒಂದು ಸಾಲನ್ನು ನೋಡೋಣ. ಮೊದಲ ಎಂಟು ಕಾಳು ಮೊಳೆತು, ಕೊನೆಯ ಎರಡು ಮೊಳೆಯಲಿಲ್ಲ ಎನ್ನೋಣ. ಒಂದು ಕಾಳಿನ ಹಣೆಬರಹ ಇನ್ನೊಂದನ್ನು ಅವಲಂಬಿಸಿಲ್ಲದಿದ್ದರೆ ಈ ಸಂಭವನೀಯತೆಗಳನ್ನು ಗುಣಿಸುತ್ತಾ ಹೋಗಬಹುದು. 0.8 ಅನ್ನು ಎಂಟು ಸಲ, 0.2 ಅನ್ನು ಎರಡು ಸಲ ಗುಣಿಸಿದರೆ ಸುಮಾರು 0.0067 ಬರುತ್ತದೆ. ಸಾವಿರಕ್ಕೆ ಏಳನ್ನೂ ಮುಟ್ಟದಷ್ಟು ಸಣ್ಣ ಸಂಖ್ಯೆ ಇದು.

ಆದರೆ ಮೊಳೆಯದ ಆ ಎರಡು ಕಾಳು ಕೊನೆಯವೇ ಆಗಬೇಕೆಂದಿಲ್ಲ. ಮೊದಲನೆಯದೂ ಏಳನೆಯದೂ ಆಗಬಹುದು, ಮೂರನೆಯದೂ ನಾಲ್ಕನೆಯದೂ ಆಗಬಹುದು. ಹತ್ತರಲ್ಲಿ ಮೊಳೆಯದ ಎರಡನ್ನು ಆರಿಸುವ ಬಗೆ ಎಷ್ಟು? ಮೊದಲನೆಯದಕ್ಕೆ 10 ಆಯ್ಕೆ, ಎರಡನೆಯದಕ್ಕೆ 9, ಒಟ್ಟು 90. ಇದರಲ್ಲಿ ಪ್ರತಿ ಜೋಡಿಯೂ ಎರಡು ಸಲ ಬಂದಿರುವುದರಿಂದ ಅರ್ಧ ಮಾಡಿದರೆ 45. ಈ 45 ಸಾಲುಗಳಲ್ಲಿ ಪ್ರತಿಯೊಂದರ ಸಂಭವನೀಯತೆಯೂ ಅದೇ 0.0067. ಎಲ್ಲವನ್ನೂ ಕೂಡಿದರೆ 0.302. ಅಂದರೆ ಶೇ. 80ರ ಬೀಜದಲ್ಲೂ ಹತ್ತಕ್ಕೆ ಸರಿಯಾಗಿ ಎಂಟು ಮೊಳೆಯುವುದು ನೂರು ಪರೀಕ್ಷೆಗಳಲ್ಲಿ ಸುಮಾರು 30ರಲ್ಲಿ ಮಾತ್ರ.

ಇದನ್ನೇ ಸಾಮಾನ್ಯ ಸೂತ್ರವಾಗಿ ಹೀಗೆ ಬರೆಯುತ್ತಾರೆ:

P(k) = nCk × p^k × q^(n−k)

ಇಲ್ಲಿ n ಎಂದರೆ ಒಟ್ಟು ಕಾಳು, k ಎಂದರೆ ಮೊಳೆತವು, p ಒಂದು ಕಾಳು ಮೊಳೆಯುವ ಸಂಭವನೀಯತೆ, q ಎಂದರೆ 1 − p. nCk ಎಂಬುದು ಆರಿಸುವ ಬಗೆಗಳ ಸಂಖ್ಯೆ, ನಮ್ಮ ಲೆಕ್ಕದ 45. ಈ ಬಗೆಗಳನ್ನು ಎಣಿಸುವ ಸಾಮಾನ್ಯ ನಿಯಮವನ್ನು ಒಂಬತ್ತನೇ ಶತಮಾನದಲ್ಲೇ ಬರೆದಿಟ್ಟವನು ರಾಷ್ಟ್ರಕೂಟ ದೊರೆ ಅಮೋಘವರ್ಷನ ಕಾಲದ ಜೈನ ಗಣಿತಜ್ಞ ಮಹಾವೀರಾಚಾರ್ಯ, ಗ್ರಂಥ ‘ಗಣಿತಸಾರಸಂಗ್ರಹ’. ಆ ಎಣಿಕೆಯನ್ನು ಸಂಭವನೀಯತೆಯೊಂದಿಗೆ ಬೆಸೆದು ವಿಸ್ತಾರವಾಗಿ ಬೆಳೆಸಿದವನು ಸ್ವಿಟ್ಜರ್ಲೆಂಡಿನ ಯಾಕೋಬ್ ಬರ್ನೂಲಿ. ಅವನ ಪುಸ್ತಕ ಅಚ್ಚಾದದ್ದು ಅವನು ತೀರಿಕೊಂಡು ಎಂಟು ವರ್ಷಗಳ ಮೇಲೆ, 1713ರಲ್ಲಿ.

ಇದೇ ಸೂತ್ರದಲ್ಲಿ k ಬದಲಿಸುತ್ತಾ ಹೋದರೆ ಚಿತ್ರ ಪೂರ್ತಿಯಾಗುತ್ತದೆ. ಶೇ. 80ರ ಬೀಜದಲ್ಲಿ ಹತ್ತಕ್ಕೆ ಹತ್ತೂ ಮೊಳೆಯುವ ಸಂಭವನೀಯತೆ 0.107, ಒಂಬತ್ತಕ್ಕೆ 0.268, ಎಂಟಕ್ಕೆ 0.302. ಈ ಮೂರನ್ನೂ ಕೂಡಿ 1ರಿಂದ ಕಳೆದರೆ 0.322 ಉಳಿಯುತ್ತದೆ. ಅದು ಏಳು ಅಥವಾ ಅದಕ್ಕಿಂತ ಕಡಿಮೆ ಮೊಳೆಯುವ ಸಂಭವನೀಯತೆ. ಎಂಟಕ್ಕಿಂತ ಕಡಿಮೆ ಬಂದರೆ ಬೀಜ ಬೇಡ ಎಂದು ಹಠ ಹಿಡಿದರೆ, ಒಳ್ಳೆಯ ಚೀಲಗಳಲ್ಲಿ ಸುಮಾರು ಮೂರಕ್ಕೊಂದನ್ನು ತಿರಸ್ಕರಿಸಿದಂತಾಗುತ್ತದೆ. ಇನ್ನೊಂದು ಕಡೆಯಿಂದಲೂ ಲೆಕ್ಕ ಹಾಕೋಣ. ಬೀಜ ನಿಜಕ್ಕೂ ಕಳಪೆ, ಶೇ. 60 ಮಾತ್ರ ಎನ್ನಿ. ಆಗಲೂ ಹತ್ತರಲ್ಲಿ ಎಂಟು ಅಥವಾ ಹೆಚ್ಚು ಮೊಳೆಯುವ ಸಂಭವನೀಯತೆ 0.167. ಆರು ಕಳಪೆ ಚೀಲಗಳಲ್ಲಿ ಒಂದು ಈ ಪರೀಕ್ಷೆಯನ್ನು ದಾಟಿ ಹೊಲ ಸೇರುತ್ತದೆ.

ಹಾಗಾದರೆ ಎಷ್ಟು ಕಾಳು ಬೇಕು? ಇದನ್ನು ತಿಳಿಯಲು ಪ್ರತಿ k ಗೂ ಬೇರೆ ಬೇರೆ ಲೆಕ್ಕ ಹಾಕುತ್ತಾ ಕೂರಬೇಕಿಲ್ಲ. ವಿತರಣೆಯ ಸರಾಸರಿ ಮತ್ತು ವೇರಿಯನ್ಸ್ ಎಂಬ ಎರಡು ಸಂಖ್ಯೆಗಳು ಸಾಕು.

ಎರಡನ್ನೂ ಒಂದೇ ಕಾಳಿನಿಂದ ಶುರು ಮಾಡಿ ಪಡೆಯಬಹುದು. ಕಾಳು ಮೊಳೆತರೆ 1, ಇಲ್ಲದಿದ್ದರೆ 0 ಎಂದು ಬರೆದುಕೊಳ್ಳೋಣ. ಒಂದು ಕಾಳಿನ ಸರಾಸರಿ p, ಅಂದರೆ 0.8. ಹತ್ತು ಕಾಳಿಗೆ ಅದರ ಹತ್ತರಷ್ಟು, 8. ಹೀಗೆ n ಕಾಳಿಗೆ ಸರಾಸರಿ np.

ವೇರಿಯನ್ಸ್ ಎಂದರೆ ಸರಾಸರಿಯಿಂದ ಎಷ್ಟು ದೂರ ಸರಿದಿದೆ ಎಂಬುದರ ವರ್ಗದ ಸರಾಸರಿ. ಮೊಳೆತ ಕಾಳಿನ 1 ಎಂಬ ಬೆಲೆ 0.8ರಿಂದ 0.2ರಷ್ಟು ದೂರ, ಅದರ ವರ್ಗ 0.04, ಅದು ಬರುವ ಸಂಭವನೀಯತೆ 0.8. ಮೊಳೆಯದ ಕಾಳು 0.8ರಷ್ಟು ದೂರ; ವರ್ಗ 0.64, ಸಂಭವನೀಯತೆ 0.2. ಗುಣಿಸಿ ಕೂಡಿದರೆ 0.032 + 0.128 = 0.16. ಇದು p ಮತ್ತು q ಗಳ ಗುಣಲಬ್ಧವೇ. ಕಾಳುಗಳು ಒಂದನ್ನೊಂದು ಅವಲಂಬಿಸಿಲ್ಲದಿದ್ದಾಗ ಅವುಗಳ ವೇರಿಯನ್ಸ್‌ಗಳನ್ನು ನೇರವಾಗಿ ಕೂಡಬಹುದು. ಆದ್ದರಿಂದ n ಕಾಳಿಗೆ ವೇರಿಯನ್ಸ್ npq. ಇದರ ವರ್ಗಮೂಲವೇ ಮಾನಕ ವಿಚಲನೆ. ಫಲಿತಾಂಶ ಸಾಮಾನ್ಯವಾಗಿ ಸರಾಸರಿಯ ಆಚೀಚೆ ಎಷ್ಟು ಓಲಾಡುತ್ತದೆ ಎಂಬುದನ್ನು ಅದು ಹೇಳುತ್ತದೆ. n ದೊಡ್ಡದಿದ್ದರೆ ಸುಮಾರು ಶೇ. 95ರಷ್ಟು ಫಲಿತಾಂಶಗಳು ಸರಾಸರಿಯಿಂದ ಎರಡು ಮಾನಕ ವಿಚಲನೆಗಳೊಳಗೇ ಬೀಳುತ್ತವೆ.

ಈಗ ಭತ್ತಕ್ಕೆ ಹಚ್ಚಿ ನೋಡೋಣ. ಹತ್ತು ಕಾಳಿಗೆ ವೇರಿಯನ್ಸ್ 1.6, ಮಾನಕ ವಿಚಲನೆ ಸುಮಾರು 1.26. ಹತ್ತರ ಎಣಿಕೆಯಲ್ಲಿ ಇದು ಶೇ. 12ಕ್ಕೂ ಮೀರಿದ ಓಲಾಟ. ನೂರು ಕಾಳಿಗೆ ವೇರಿಯನ್ಸ್ 16, ಮಾನಕ ವಿಚಲನೆ 4, ಅಂದರೆ ಶೇ. 4. ನಾನೂರು ಕಾಳಿಗೆ ವೇರಿಯನ್ಸ್ 64, ಮಾನಕ ವಿಚಲನೆ 8; ನಾನೂರಕ್ಕೆ ಎಂಟು ಎಂದರೆ ಶೇ. 2 ಅಷ್ಟೇ. ಕಾಳು ನಾಲ್ಕು ಪಟ್ಟು ಹೆಚ್ಚಿದರೆ ಅನುಮಾನ ಅರ್ಧಕ್ಕೆ ಇಳಿಯುತ್ತದೆ.

ಬೀಜ ಪರೀಕ್ಷಾ ಪ್ರಯೋಗಾಲಯಗಳಲ್ಲಿ ನಾನೂರು ಕಾಳುಗಳನ್ನು ಎಣಿಸುವುದರ ಪ್ರಯೋಜನ ಇಲ್ಲಿ ಕಾಣುತ್ತದೆ. ಶೇ. 80ರ ಬೀಜದಲ್ಲಿ ನಾನೂರಕ್ಕೆ 304ರಿಂದ 336ರವರೆಗೆ ಮೊಳೆಯುವುದು ಸಹಜ. ಶೇ. 60ರ ಬೀಜದಲ್ಲಿ ಸರಾಸರಿ 240, ಮಾನಕ ವಿಚಲನೆ 10ಕ್ಕೂ ಕಡಿಮೆ. ಅದು 320ನ್ನು ಮುಟ್ಟುವುದು ನಡೆಯದ ಮಾತು. ಹತ್ತು ಕಾಳಿನಲ್ಲಿ ಒಂದರೊಳಗೊಂದು ಬೆರೆತಿದ್ದ ಒಳ್ಳೆಯದೂ ಕೆಟ್ಟದ್ದೂ ಇಲ್ಲಿ ಸ್ಪಷ್ಟವಾಗಿ ಬೇರೆಯಾಗುತ್ತವೆ. ಜೊತೆಗೆ ಒಂದು ಮಾತು ಗಮನಿಸಬೇಕು. ನಾನೂರರಲ್ಲಿ ಸರಿಯಾಗಿ 320ೇ ಮೊಳೆಯುವ ಸಂಭವನೀಯತೆ ಸುಮಾರು 0.05 ಮಾತ್ರ. ಹತ್ತರಲ್ಲಿ ಎಂಟಕ್ಕಿದ್ದ 0.302ಕ್ಕಿಂತ ಇದು ಎಷ್ಟೋ ಕಡಿಮೆ. ಕಾಳು ಹೆಚ್ಚಿದಷ್ಟೂ ಪಕ್ಕದ ಸಂಖ್ಯೆಗಳೂ ಹೆಚ್ಚುವುದರಿಂದ ಯಾವ ಒಂದು ಸಂಖ್ಯೆಗೂ ದೊಡ್ಡ ಪಾಲು ಸಿಗುವುದಿಲ್ಲ. ಆದ್ದರಿಂದ ದೊಡ್ಡ ಪರೀಕ್ಷೆಯಲ್ಲಿ ನೋಡಬೇಕಾದದ್ದು ಗುರಿಯ ಸಂಖ್ಯೆ ಸರಿಯಾಗಿ ಬಂತೇ ಎಂಬುದನ್ನಲ್ಲ, ಫಲಿತಾಂಶ ಅದರಿಂದ ಎಷ್ಟು ಮಾನಕ ವಿಚಲನೆಗಳಷ್ಟು ದೂರದಲ್ಲಿದೆ ಎಂಬುದನ್ನು.

ಪ್ರಯೋಗಾಲಯದವರು ಈ ನಾನೂರು ಕಾಳನ್ನು ಒಟ್ಟಿಗೆ ಇಡುವುದಿಲ್ಲ. ನೂರು ನೂರರ ನಾಲ್ಕು ತಂಡ ಮಾಡಿ, ಒದ್ದೆ ಕಾಗದದಲ್ಲಿ ಸುತ್ತಿಡುತ್ತಾರೆ. ಭತ್ತವಾದರೆ ಕೊನೆಯ ಎಣಿಕೆ 14ನೇ ದಿನ. ಬೇರೂ ಚಿಗುರೂ ಸರಿಯಾಗಿ ಬಂದ ಸಸಿಗಳನ್ನಷ್ಟೇ ಲೆಕ್ಕಕ್ಕೆ ತೆಗೆದುಕೊಳ್ಳುತ್ತಾರೆ, ತುದಿ ಒಡೆದು ನಿಂತದ್ದು ಲೆಕ್ಕಕ್ಕಿಲ್ಲ. ನಾಲ್ಕು ತಂಡ ಮಾಡುವುದರ ಲಾಭ ವೇರಿಯನ್ಸ್‌ನಲ್ಲಿದೆ.

ಒಂದು ಉದಾಹರಣೆ ತೆಗೆದುಕೊಳ್ಳಿ. ನಾಲ್ಕು ತಂಡಗಳಲ್ಲಿ 84, 79, 82, 75 ಮೊಳೆತವು ಎನ್ನೋಣ. ಸರಾಸರಿ 80. ಅದರಿಂದ ದೂರ 4, 1, 2, 5. ವರ್ಗಗಳ ಮೊತ್ತ 46. ನಾಲ್ಕೇ ಮಾದರಿಗಳಿಂದ ಅಂದಾಜು ಮಾಡುವಾಗ ಒಂದು ಕಡಿಮೆ ಮಾಡಿ 3ರಿಂದ ಭಾಗಿಸುವುದು ರೂಢಿ, 15.3 ಬರುತ್ತದೆ. ಸೂತ್ರ ಹೇಳಿದ 16ಕ್ಕೆ ಇದು ಹತ್ತಿರವೇ ಇದೆ. ಈಗ ಇನ್ನೊಂದು ಪರೀಕ್ಷೆಯಲ್ಲಿ 92, 88, 81, 59 ಬಂದವು ಎನ್ನೋಣ. ಸರಾಸರಿ ಇಲ್ಲೂ ಸರಿಯಾಗಿ 80. ಆದರೆ ವರ್ಗಗಳ ಮೊತ್ತ 650, ವೇರಿಯನ್ಸ್ 217ರ ಹತ್ತಿರ. ಹದಿನಾರು ಇರಬೇಕಾದಲ್ಲಿ ಅದರ ಹದಿಮೂರು ಪಟ್ಟು! ಇಷ್ಟೊಂದು ಏರುಪೇರು ಬರೀ ಆಕಸ್ಮಿಕದಿಂದ ಬರುವುದಿಲ್ಲ.

ಹೀಗಾದಾಗ ತಪ್ಪಿರುವುದು ಸೂತ್ರವಲ್ಲ, ಸೂತ್ರ ನಿಂತಿರುವ ಷರತ್ತುಗಳು. ಪ್ರತಿ ಕಾಳಿಗೂ ಒಂದೇ p ಇರಬೇಕು, ಒಂದರ ಫಲ ಇನ್ನೊಂದನ್ನು ಮುಟ್ಟಬಾರದು. ಒಂದು ಸುತ್ತಿನ ಕಾಗದ ಒಣಗಿದ್ದರೆ ಆ ನೂರು ಕಾಳಿಗೆ p ಯೇ ಕಡಿಮೆಯಾಯಿತು. ಒಂದು ಕಾಳಿಗೆ ಹಿಡಿದ ಬೂಷ್ಟು ಪಕ್ಕದ ಕಾಳಿಗೂ ಹಬ್ಬಿದರೆ ಅವು ಒಟ್ಟಿಗೇ ಸಾಯುತ್ತವೆ. ಆಗ ವೇರಿಯನ್ಸ್‌ಗಳನ್ನು ನೇರವಾಗಿ ಕೂಡಿದ ಲೆಕ್ಕ ನಿಲ್ಲುವುದಿಲ್ಲ, ನಿಜವಾದ ಓಲಾಟ npq ಗಿಂತ ಹೆಚ್ಚಾಗುತ್ತದೆ. ಎಣಿಸುವವರ ಕೈತಪ್ಪೂ ಇರಬಹುದು. ಇದಕ್ಕೆಂದೇ ಅಂತರರಾಷ್ಟ್ರೀಯ ಬೀಜ ಪರೀಕ್ಷಾ ನಿಯಮಗಳಲ್ಲಿ ಒಂದು ಮಿತಿ ಇದೆ. ಸರಾಸರಿ 80 ಇದ್ದಾಗ ಅತಿ ಹೆಚ್ಚು ಮೊಳೆತ ತಂಡಕ್ಕೂ ಅತಿ ಕಡಿಮೆ ಮೊಳೆತ ತಂಡಕ್ಕೂ ನಡುವಿನ ಅಂತರ 16ನ್ನು ಮೀರಬಾರದು. ಅದು ನಾಲ್ಕು ಮಾನಕ ವಿಚಲನೆ. ನಮ್ಮ ಮೊದಲ ಉದಾಹರಣೆಯಲ್ಲಿ ಅಂತರ 9, ಫಲಿತಾಂಶ ಒಪ್ಪಿಗೆ. ಎರಡನೆಯದರಲ್ಲಿ 33, ಪರೀಕ್ಷೆಯನ್ನು ಮತ್ತೆ ಮಾಡಬೇಕು. ಸರಾಸರಿ ಮಾತ್ರ ನೋಡಿದ್ದರೆ ಎರಡೂ ಒಂದೇ ಎಂದು ಬರೆದುಬಿಡುತ್ತಿದ್ದೆವು.

ಈ ಲೆಕ್ಕ ಮಾಡಲಾರದ ಕೆಲಸವೂ ಒಂದಿದೆ. ತೆಗೆದ ಕಾಳುಗಳು ಇಡೀ ಚೀಲವನ್ನು ಪ್ರತಿನಿಧಿಸದಿದ್ದರೆ ಸೂತ್ರ ನೆರವಿಗೆ ಬರುವುದಿಲ್ಲ. ಮೇಲಿನ ಪದರದಿಂದ ದುಂಡಗಿನ ಕಾಳುಗಳನ್ನೇ ಆರಿಸಿದರೆ, ಸಾವಿರ ಎಣಿಸಿದರೂ ಗೊತ್ತಾಗುವುದು ಆ ದುಂಡು ಕಾಳುಗಳ ಗುಣವೇ ಹೊರತು ಚೀಲದ್ದಲ್ಲ.

ಮನೆಯಲ್ಲಿ ಪರೀಕ್ಷೆ ಮಾಡುವವರು ಇಷ್ಟು ಮಾಡಿದರೆ ಸಾಕು. ಚೀಲದ ಮೇಲೆ, ನಡುವೆ, ತಳದಿಂದ ಹಿಡಿ ಹಿಡಿ ತೆಗೆದು ಬೆರೆಸಿ, ಆರಿಸದೆ ನೂರು ಕಾಳು ಎಣಿಸಿ. ಸಾಧ್ಯವಾದರೆ ಅಂಥ ನಾಲ್ಕು ಗಂಟು ಕಟ್ಟಿ. ಶೇ. 80ರ ಭತ್ತದಲ್ಲಿ ನೂರಕ್ಕೆ 72 ಬಂದರೂ ಬೀಜವನ್ನು ದೂರಬೇಡಿ, 88 ಬಂದರೂ ಹಿಗ್ಗಬೇಡಿ. ಎರಡೂ ಎರಡು ಮಾನಕ ವಿಚಲನೆಯೊಳಗೇ ಇವೆ. 65ಕ್ಕೆ ಇಳಿದರೆ ಅದು ಆಕಸ್ಮಿಕವಲ್ಲ. ನಾಲ್ಕು ಗಂಟಿನ ನಡುವೆ ವಿಪರೀತ ಅಂತರ ಕಂಡರೆ ಮೊದಲು ನಿಮ್ಮ ಪರೀಕ್ಷೆಯನ್ನೇ ಮತ್ತೆ ಮಾಡಿ. ಆಮೇಲೂ ಕಡಿಮೆಯೇ ಬಂದರೆ ಬಿತ್ತುವ ಮೊದಲೇ ಚೀಲವನ್ನೂ ಚೀಟಿಯನ್ನೂ ಹಿಡಿದು ರೈತ ಸಂಪರ್ಕ ಕೇಂದ್ರಕ್ಕೆ ಹೋಗಿ.