ಚಾಟ್‌ನ ಮಾತೇ ದೂರಿಗೆ ಆಧಾರ

ಹಿಂತಿರುಗಿಸಿದ ಮಿಕ್ಸರ್‌ನ ಹಣ ಬಂದಿಲ್ಲ. ಗ್ರಾಹಕರ ಬಳಿ ಇರುವುದು ಕಂಪನಿಯ ಸಿಬ್ಬಂದಿಯೊಡನೆ ನಡೆದ ಚಾಟ್‌ನ ಸ್ಕ್ರೀನ್‌ಶಾಟ್ ಮಾತ್ರ. ಅದರಲ್ಲಿರುವ ಭರವಸೆ: ‘4,290 ರೂಪಾಯಿ ಏಳು ಕೆಲಸದ ದಿನಗಳಲ್ಲಿ ಜಮೆಯಾಗಲಿದೆ.’ ಇಂತಹ ಸಂದರ್ಭದಲ್ಲಿ ಇಮೇಲ್ ದೂರಿನ ಬಲವಿರುವುದು ಈ ವಾಕ್ಯವನ್ನು ಇದ್ದಂತೆಯೇ ಉದ್ಧರಿಸುವುದರಲ್ಲಿ. ‘ನೀವು ವಂಚಿಸಿದ್ದೀರಿ’ ಎಂಬುದು ಚಾಟ್‌ನಲ್ಲಿಲ್ಲ. ಅದು ಗ್ರಾಹಕರ ಊಹೆ, ಕಂಪನಿಗೆ ವಾದಿಸಲು ಸಿಗುವ ಎಡೆ.

ಸ್ಕ್ರೀನ್‌ಶಾಟ್‌ನಲ್ಲಿ ಹಲವು ಬಾರಿ ‘ಇಂದು’ ಎಂದಷ್ಟೇ ಇರುತ್ತದೆ. ಆದ್ದರಿಂದ ದಿನಾಂಕ, ವೇಳೆ, ಆರ್ಡರ್ ಸಂಖ್ಯೆಗಳನ್ನು ಪತ್ರದಲ್ಲಿ ಬರೆಯಬೇಕು. ಚಿತ್ರವನ್ನು ಕತ್ತರಿಸದೆ ಲಗತ್ತಿಸುವುದು ಲೇಸು. ಕಾರ್ಡ್ ಸಂಖ್ಯೆಯಿದ್ದರೆ ಅದನ್ನು ಮಾತ್ರ ಮರೆಮಾಡಬೇಕು.

ಪತ್ರ ಹೀಗಿರಬಹುದು: ‘ಮಾನ್ಯರೇ, ಮಾರ್ಚ್ 10ರಂದು ಬೆಳಿಗ್ಗೆ 11.42ಕ್ಕೆ ನಿಮ್ಮ ಸಿಬ್ಬಂದಿ ಚಾಟ್‌ನಲ್ಲಿ ಮೇಲಿನ ಭರವಸೆ ನೀಡಿದರು. ಅವರು ಸೌಜನ್ಯದಿಂದಲೇ ಉತ್ತರಿಸಿದ್ದಾರೆ. ಆದರೆ ಮಾರ್ಚ್ 24ರವರೆಗೂ ಹಣ ಜಮೆಯಾಗಿಲ್ಲ. ಮಾರ್ಚ್ 31ರೊಳಗೆ ಜಮೆ ಮಾಡಿ, ವಹಿವಾಟಿನ ಉಲ್ಲೇಖ ಸಂಖ್ಯೆ ತಿಳಿಸಬೇಕೆಂದು ಕೋರುತ್ತೇನೆ.’

ಉಲ್ಲೇಖ ಸಂಖ್ಯೆ ಕೇಳುವುದಕ್ಕೆ ಕಾರಣವಿದೆ. ‘ಹಣ ಕಳುಹಿಸಲಾಗಿದೆ’ ಎಂಬ ಉತ್ತರ ಬಂದರೆ, ಆ ಸಂಖ್ಯೆ ಹಿಡಿದು ಬ್ಯಾಂಕಿನಲ್ಲಿ ವಿಚಾರಿಸಬಹುದು.

ಪತ್ರವನ್ನು ಕಂಪನಿಯ ಕುಂದುಕೊರತೆ ಅಧಿಕಾರಿಗೆ ಕಳುಹಿಸಬೇಕು. 2020ರ ಇ-ಕಾಮರ್ಸ್ ನಿಯಮಗಳಂತೆ ಅವರು 48 ಗಂಟೆಗಳೊಳಗೆ ದೂರಿನ ಸ್ವೀಕೃತಿ ತಿಳಿಸಿ, ಒಂದು ತಿಂಗಳೊಳಗೆ ಪರಿಹರಿಸಬೇಕು. ಆಗದಿದ್ದಲ್ಲಿ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಇದೇ ಪತ್ರದ ವಿವರಗಳನ್ನು ನೀಡಬಹುದು.