ಪುನರುಚ್ಚಾರಣೆಯಿಂದ ರೂಪರಚನೆಯೆಡೆಗೆ: ಹೊರನಾಡ ಕನ್ನಡ ಮಕ್ಕಳ ವೀಡಿಯೋ ಪಾಠದಲ್ಲಿ ಚತುರ್ಥೀ ವಿಭಕ್ತಿ

ಹೊರದೇಶಗಳಲ್ಲಿ ಬೆಳೆಯುವ ಕನ್ನಡ ಮಕ್ಕಳಲ್ಲಿ ಅನೇಕರು ಮನೆಯವರ ಮಾತನ್ನು ಅರ್ಥಮಾಡಿಕೊಂಡರೂ ಉತ್ತರವನ್ನು ಇಂಗ್ಲಿಷಿನಲ್ಲಿ ಕೊಡುತ್ತಾರೆ. ಇಂಥವರಿಗಾಗಿ ಸಿದ್ಧವಾಗುವ ವೀಡಿಯೋ ಪಾಠಗಳ ಸಾಮಾನ್ಯ ವಿನ್ಯಾಸ ಸರಳವಾದುದು: ಚಿತ್ರವೊಂದು ಕಾಣಿಸುತ್ತದೆ, ‘ಇದು ಏನು?’ ಎಂಬ ಪ್ರಶ್ನೆ ಕೇಳಿಸುತ್ತದೆ, ಮಗು ‘ಮರ’ ಎನ್ನುತ್ತದೆ, ಧ್ವನಿ ಅದನ್ನೇ ಮತ್ತೆ ನುಡಿಯುತ್ತದೆ. ಈ ಪ್ರಶ್ನೆಗೆ ಪ್ರತ್ಯಯವಿಲ್ಲದ ನಾಮಪದವೇ ಸಾಕಾದ್ದರಿಂದ, ಎಷ್ಟು ಬಾರಿ ಆವರ್ತಿಸಿದರೂ ಮಗುವಿಗೆ ವಿಭಕ್ತಿರೂಪವನ್ನು ರಚಿಸುವ ಪ್ರಸಂಗವೇ ಒದಗುವುದಿಲ್ಲ.

ಪ್ರಶ್ನೆಯನ್ನು ‘ಕೋತಿ ಎಲ್ಲಿಗೆ ಹೋಯಿತು?’ ಎಂದು ಬದಲಿಸಿದರೆ ಸ್ಥಿತಿ ಬೇರೆಯಾಗುತ್ತದೆ. ಆಗ ಮರಕ್ಕೆ, ಮನೆಗೆ, ಊರಿಗೆ ಎಂಬ ಮೂರು ಬಗೆಯ ರೂಪಗಳು ಬೇಕಾಗುತ್ತವೆ. ಅಕಾರಾಂತ ನಪುಂಸಕ ಪ್ರಕೃತಿಗೆ ‘-ಕ್ಕೆ’, ಎಕಾರಾಂತಕ್ಕೆ ‘-ಗೆ’ ಸೇರುತ್ತವೆ. ‘ಊರು’, ‘ಕಾಡು’ಗಳಂಥ ಪದಗಳಲ್ಲಿ ಕೊನೆಯ ಉಕಾರ ಲೋಪವಾಗಿ ‘-ಇಗೆ’ ಬರುತ್ತದೆ. ಆದ್ದರಿಂದ ಪಾಠವನ್ನು ನಾವು ಮೂರು ಹಂತಗಳಲ್ಲಿ ಯೋಜಿಸುತ್ತೇವೆ. ಮೊದಲನೆಯದರಲ್ಲಿ ಮಗು ‘ಮರಕ್ಕೆ’, ‘ತೋಟಕ್ಕೆ’ ಎಂದು ಕೇಳಿದ್ದನ್ನೇ ಮರುನುಡಿಯುತ್ತದೆ. ಎರಡನೆಯದರಲ್ಲಿ ಅವೇ ಚಿತ್ರಗಳು ಬರುತ್ತವೆ. ಪ್ರಶ್ನೆಯ ನಂತರ ಸುಮಾರು ನಾಲ್ಕು ಸೆಕೆಂಡು ಮೌನವಿದ್ದು, ಬಳಿಕ ಉತ್ತರ ಕೇಳಿಸುತ್ತದೆ. ಮೂರನೆಯದರಲ್ಲಿ, ಮಗು ಹೆಸರನ್ನು ಬಲ್ಲ, ಆದರೆ ಪಾಠದಲ್ಲಿ ಚತುರ್ಥೀ ರೂಪವನ್ನು ಕೇಳಿರದ ‘ಬೆಟ್ಟ’ದ ಚಿತ್ರ ಬರುತ್ತದೆ.

ಕಲಿಕೆಯನ್ನು ಕುರಿತ ಸಾಕ್ಷ್ಯ ದೊರೆಯುವುದು ಈ ಮೂರನೆಯ ಹಂತದಲ್ಲಿಯೇ. ಮಗು ಬರಿಯ ‘ಬೆಟ್ಟ’ ಎಂದರೆ, ಹಿಂದೆ ನುಡಿದ ‘ಮರಕ್ಕೆ’ ಒಂದು ಅಖಂಡ ಪದವಾಗಿ ಮಾತ್ರ ನೆನಪಿನಲ್ಲಿ ಉಳಿದಿರಬಹುದು. ‘ಬೆಟ್ಟಗೆ’ ಅಥವಾ ‘ಬೆಟ್ಟಿಗೆ’ ಎಂದರೆ ರೂಪ ತಪ್ಪಾದರೂ ಪ್ರತ್ಯಯ ಬೇಕೆಂಬ ಅರಿವು ಸ್ಪಷ್ಟವಾಗಿದೆ. ಪ್ರಕೃತಿಯ ವರ್ಗವಷ್ಟೇ ಇನ್ನೂ ತಿಳಿದಿಲ್ಲ. ಆದ್ದರಿಂದ ಇದು ಮೊದಲನೆಯ ಉತ್ತರಕ್ಕಿಂತ ಮುಂದಿನ ಹೆಜ್ಜೆ. ‘ಪಾರ್ಕಿಗೆ’, ‘ಬಸ್ಸಿಗೆ’ ಮುಂತಾಗಿ ಎರವಲು ಪದಗಳು ‘-ಇಗೆ’ ವರ್ಗಕ್ಕೇ ಹೆಚ್ಚಾಗಿ ಸೇರುವುದರಿಂದ, ಅಂಥ ಪದಗಳನ್ನೇ ಬಹುವಾಗಿ ಕೇಳುವ ಮಗುವಿನಲ್ಲಿ ‘ಬೆಟ್ಟಿಗೆ’ ಎಂಬ ಅತಿವ್ಯಾಪ್ತಿಯನ್ನು ನಿರೀಕ್ಷಿಸುವುದು ಯುಕ್ತವಾಗಿದೆ. ಚಿತ್ರಗಳನ್ನು ಆರಿಸುವಾಗ ಅಕಾರಾಂತ ಪದಗಳಿಗೆ ಹೆಚ್ಚು ಸ್ಥಾನ ಕೊಡಬೇಕಾದ ಕಾರಣವೂ ಇದೇ.

ವೀಡಿಯೋಗೆ ಕಿವಿಯಿಲ್ಲ ಎಂಬುದು ಈ ಕ್ರಮದ ಮುಖ್ಯ ಮಿತಿ. ಮಗು ಮೌನವಾಗಿದ್ದರೂ, ‘ಬೆಟ್ಟಗೆ’ ಎಂದರೂ ಧ್ವನಿ ಒಂದೇ ರೀತಿಯಲ್ಲಿ ‘ಬೆಟ್ಟಕ್ಕೆ’ ಎನ್ನುತ್ತದೆ. ಪಕ್ಕದಲ್ಲಿ ಕುಳಿತ ತಾಯಿಯೋ ಅಜ್ಜನೋ ಮೂರನೆಯ ಹಂತದಲ್ಲಿ ವೀಡಿಯೋವನ್ನು ನಿಲ್ಲಿಸಿ, ಮಗುವಿನ ಉತ್ತರವನ್ನು ಇದ್ದಂತೆಯೇ ಬರೆದಿಟ್ಟುಕೊಳ್ಳಬೇಕು. ತಿದ್ದಿದ ರೂಪವನ್ನು ದಾಖಲಿಸಿದರೆ ಮಗು ಯಾವ ಹಂತದಲ್ಲಿದೆ ಎಂಬುದನ್ನು ತೋರುವ ಕುರುಹೇ ಅಳಿಸಿಹೋಗುತ್ತದೆ.