ಮಗು ಚಿಕ್ಕದು, ವಿಷ ಚಿಕ್ಕದಲ್ಲ

ಮಕ್ಕಳಿಗೆ ತೂಕ ನೋಡಿ ಔಷಧ ಕೊಡುವುದು ವೈದ್ಯರ ರೂಢಿ. ರೈಲಿನ ಅರ್ಧ ಟಿಕೇಟಿಗೂ ನಮ್ಮ ಹೋಟೆಲುಗಳ ಅರ್ಧ ಪ್ಲೇಟಿಗೂ ಒಗ್ಗಿದವರಿಗೆ ಈ ಲೆಕ್ಕ ಸಹಜವೆಂದೇ ತೋರುವುದು. ಆದುದರಿಂದ, ರಜೆಗೆ ಊರಿಗೆ ಕಳುಹಿಸಿದ ಎರಡು ವರ್ಷದ ಕೂಸಿಗೆ ಹಾವು ಕಚ್ಚಿತು, ಆಸ್ಪತ್ರೆಯಲ್ಲಿ ಹತ್ತು ಸೀಸೆ ಪ್ರತಿವಿಷ ಕೊಟ್ಟರು ಎಂಬ ಸುದ್ದಿ ಬಂದರೆ, ದೊಡ್ಡವರ ಮದ್ದನ್ನೆಲ್ಲ ಮಗುವಿಗೆ ಸುರಿದರೇ ಎಂದು ಇಲ್ಲಿರುವ ತಂದೆ ಬೆದರುವುದುಂಟು. ವೈದ್ಯರು ಮಾಡಿದ್ದು ಸರಿಯೇ. ಏಕೆಂಬುದನ್ನು ಲೆಕ್ಕದಿಂದಲೇ ತೋರಿಸುವೆವು.

ಜ್ವರದ ಗುಳಿಗೆ ಕೆಲಸ ಮಾಡುವುದು ದೇಹದ ಮೇಲೆ. ಪ್ರತಿವಿಷದ ಕೆಲಸವಿರುವುದು ವಿಷದೊಡನೆ. ಕುದುರೆಗೆ ಹಾವಿನ ವಿಷವನ್ನು ಸ್ವಲ್ಪಸ್ವಲ್ಪವಾಗಿ ಚುಚ್ಚಿ, ಅದರ ರಕ್ತದಲ್ಲಿ ಹುಟ್ಟುವ ಪ್ರತಿರೋಧಕ ವಸ್ತುವನ್ನು ಬೇರ್ಪಡಿಸಿ ಈ ಮದ್ದನ್ನು ಸಿದ್ಧಪಡಿಸುತ್ತಾರೆ. ಮುಂಬಯಿ ಪರೇಲಿನ ಹಾಫ್‌ಕಿನ್ ಸಂಸ್ಥೆ ಈ ಕೆಲಸಕ್ಕೆ ಹೆಸರಾದುದು. ಮದ್ದಿನ ಕಣಗಳು ವಿಷದ ಕಣಗಳನ್ನು ಹಿಡಿದು ಕಟ್ಟಿಹಾಕುತ್ತವೆ. ಎಷ್ಟು ವಿಷವೋ ಅಷ್ಟಕ್ಕೆ ತಕ್ಕ ಮದ್ದು ಬೇಕು. ಹಾವಾದರೋ ಕಚ್ಚುವಾಗ ಯಾರ ತೂಕವನ್ನೂ ಕೇಳುವುದಿಲ್ಲ.

ಕೊಳಕುಮಂಡಲವನ್ನೇ ತೆಗೆದುಕೊಳ್ಳೋಣ. ಅದು ಒಂದು ಕಡಿತದಲ್ಲಿ ಸರಾಸರಿ 63 ಮಿಲಿಗ್ರಾಂ ವಿಷವನ್ನು ಇಳಿಸುತ್ತದೆ. ನಮ್ಮ ದೇಶದ ಪ್ರತಿವಿಷದ ಒಂದು ಸೀಸೆ, ಅಂದರೆ 10 ಮಿಲಿಲೀಟರು, ಈ ವಿಷದ 6 ಮಿಲಿಗ್ರಾಮನ್ನು ತಡೆಯಬಲ್ಲದು. ಹತ್ತು ಸೀಸೆಗೆ 60 ಮಿಲಿಗ್ರಾಂ. ಮೊದಲ ಬಾರಿಗೆ 8ರಿಂದ 10 ಸೀಸೆ ಎಂಬ ನಿಯಮದ ಹಿಂದಿರುವ ಲೆಕ್ಕವಿದು.

ಈಗ 60 ಕಿಲೊ ತೂಗುವ ತಂದೆಯನ್ನೂ 10 ಕಿಲೊ ತೂಗುವ ಮಗುವನ್ನೂ ಹೋಲಿಸಿ ನೋಡಿರಿ. ಅದೇ ಕಡಿತದಿಂದ ತಂದೆಯ ದೇಹದ ಪ್ರತಿ ಕಿಲೊಗೆ ಸುಮಾರು 1 ಮಿಲಿಗ್ರಾಂ ವಿಷ ಬಿದ್ದರೆ, ಮಗುವಿನ ಪ್ರತಿ ಕಿಲೊಗೆ 6ಕ್ಕೂ ಮಿಕ್ಕಿ ಬೀಳುತ್ತದೆ. ತೂಕ ನೋಡಿ ಮದ್ದನ್ನು ಆರನೆಯ ಒಂದು ಪಾಲಿಗೆ ಇಳಿಸಿದರೆ ಮಗುವಿಗೆ ಸಿಗುವುದು ಎರಡು ಸೀಸೆಗೂ ಕಡಿಮೆ. ಅದು 10 ಮಿಲಿಗ್ರಾಮನ್ನು ಕಟ್ಟಿಹಾಕಿತು. ಉಳಿದ 53 ಮಿಲಿಗ್ರಾಂ ಆ ಪುಟ್ಟ ದೇಹದಲ್ಲಿ ರಕ್ತವನ್ನು ಕೆಡಿಸುತ್ತಲೇ ಇರುವುದು. ಇಂಥ ಉಳಿತಾಯ ಯಾರಿಗೂ ಬೇಡ.

ಆದರೂ ತೂಕದ ಲೆಕ್ಕ ಪೂರ್ತಿ ತಪ್ಪಿಹೋಗುವುದಿಲ್ಲ. ಮದ್ದನ್ನು ಬೆರೆಸಿ ನರಕ್ಕೆ ಹನಿಸುವ ದ್ರವವನ್ನು ಮಗುವಿಗೆ ಕಿಲೊಗೆ 5ರಿಂದ 10 ಮಿಲಿಲೀಟರಿಗೆ ಮಿತಗೊಳಿಸುತ್ತಾರೆ. ದೊಡ್ಡ ಬಾಟಲಿ ಹರಿಸಿದರೆ ಚಿಕ್ಕ ಹೃದಯಕ್ಕೆ ಭಾರವಾದೀತು. ಕುದುರೆಯ ವಸ್ತು ಮೈಗೊಗ್ಗದೆ ದದ್ದು, ಉಬ್ಬಸ ಕಾಣಿಸಿದಾಗ ಕೊಡುವ ಅಡ್ರಿನಲಿನ್ ಕೂಡ ತೂಕಕ್ಕೆ ತಕ್ಕಷ್ಟೇ.

ಕಚ್ಚಿದ ಹಾವೆಲ್ಲ ವಿಷ ಇಳಿಸಿರುವುದಿಲ್ಲವಾದ್ದರಿಂದ ಲಕ್ಷಣ ಕಾಣದೆ ಪ್ರತಿವಿಷ ಕೊಡುವುದಿಲ್ಲ. ಮಂಡಲದ ವಿಷವನ್ನು ಗುರುತಿಸಲು ಸ್ವಲ್ಪ ರಕ್ತವನ್ನು ಶುದ್ಧವಾದ, ಒಣಗಿದ ಗಾಜಿನ ಕೊಳವೆಯಲ್ಲಿ 20 ನಿಮಿಷ ಅಲುಗಿಸದೆ ಇಟ್ಟು, ಬಳಿಕ ವಾಲಿಸಿ ನೋಡುತ್ತಾರೆ. ಹೆಪ್ಪುಗಟ್ಟದೆ ನೀರಿನಂತೆ ಹರಿದರೆ ಮದ್ದು ಆರಂಭ. ಹೆಪ್ಪುಗಟ್ಟಿಸುವ ಅಂಶಗಳನ್ನು ಯಕೃತ್ತು ಹೊಸದಾಗಿ ತಯಾರಿಸಲು ಹೊತ್ತು ಬೇಕಾದ್ದರಿಂದ, 6 ಗಂಟೆಗಳ ನಂತರ ಅದೇ ಪರೀಕ್ಷೆ ಮತ್ತೊಮ್ಮೆ. ಆಗಲೂ ರಕ್ತ ಹರಿದರೆ ಮಗುವಿಗೂ ಇನ್ನೊಂದು ಸುತ್ತು ಪ್ರತಿವಿಷ.